ಆಸ್-ಬಿಲ್ಟ್ ಡ್ರಾಯಿಂಗ್ ಒಪ್ಪಿಸುವ ಮುನ್ನ: ಯಾವ ಗೆರೆ ಅಳೆದದ್ದು, ಯಾವುದು ಸುಮ್ನೆ ಉಳಿದದ್ದು

ಕಟ್ಟಡ ಮುಗೀತು, ಬಣ್ಣ ಬಳಿದಾಯ್ತು, ಬೀಗದ ಕೈ ಕೊಡೋ ದಿನ ಹತ್ರ ಬಂತು. ಆಗ ಎಲ್ಲರಿಗೂ ಒಮ್ಮೆಲೇ ನೆನಪಾಗೋದು ಆಸ್-ಬಿಲ್ಟ್ ಡ್ರಾಯಿಂಗ್, ಅಂದರೆ ಕೊನೆಗೆ ನಿಜವಾಗಿ ಕಟ್ಟಿದ್ದನ್ನು ಕಟ್ಟಿದ ಹಾಗೇ ತೋರಿಸಬೇಕಾದ ನಕ್ಷೆ. ಎರಡೇ ದಿನದಲ್ಲಿ ಒಂದು ಪೆನ್‌ಡ್ರೈವ್ ಬರುತ್ತದೆ. ತೆಗೆದು ನೋಡಿದರೆ ಟೈಟಲ್ ಬ್ಲಾಕಿನಲ್ಲಿ 'ಕಟ್ಟಲು ಬಿಡುಗಡೆ' ಅಂತ ಇದ್ದ ಜಾಗದಲ್ಲಿ 'ಆಸ್-ಬಿಲ್ಟ್' ಅಂತ ಬಂದಿರುತ್ತದೆ, ಅಷ್ಟೇ. ಒಳಗಿನ ಗೆರೆಗಳೆಲ್ಲ ಕೆಲಸ ಶುರುವಾಗೋ ಮುಂಚೆ ಎಳೆದವೇ.

ಇದನ್ನು ಹಿಡಿಯೋದು ಹೇಗೆ, ಹಿಡಿದ ಮೇಲೆ ಕವರ್ ನೋಟ್‌ನಲ್ಲಿ ಏನು ಬರೆಯಬೇಕು ಅನ್ನೋದನ್ನು ನಾನು ಮಾಡೋ ಕ್ರಮದಲ್ಲೇ ಹೇಳುತ್ತೇನೆ. ಡ್ರಾಯಿಂಗ್ ಪರಿಶೀಲಿಸಿ ಮಾಲೀಕರಿಗೆ ಒಪ್ಪಿಸಬೇಕಾದ ಸೈಟ್ ಇಂಜಿನಿಯರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಡ್ರಾಯಿಂಗಿಗೆ ಒಂದು ಕೆಟ್ಟ ಗುಣ ಇದೆ. ಟೇಪ್ ಹಿಡಿದು ಅಳೆದು ಎಳೆದ ಪೈಪೂ, ಯಾರೂ ತಿರುಗಿ ನೋಡದ ಪೈಪೂ ಅದರಲ್ಲಿ ಒಂದೇ ದಪ್ಪದ, ಒಂದೇ ಬಣ್ಣದ ಗೆರೆ. ಹತ್ತು ವರ್ಷ ಆದ ಮೇಲೆ ಆ ಹಾಳೆ ಬಿಚ್ಚುವವನಿಗೆ ಎರಡರ ವ್ಯತ್ಯಾಸ ಗೊತ್ತಾಗೋ ದಾರಿಯೇ ಇಲ್ಲ. ಆ ವ್ಯತ್ಯಾಸವನ್ನು ಹೇಳೋದು ಕವರ್ ನೋಟಿನ ಕೆಲಸ. 'ಈ ಪತ್ರದೊಂದಿಗೆ 46 ಡ್ರಾಯಿಂಗ್ ಲಗತ್ತಿಸಿದೆ, ದಯವಿಟ್ಟು ಸ್ವೀಕರಿಸಿ' ಅನ್ನೋದು ಕವರ್ ನೋಟ್ ಅಲ್ಲ, ಕೊರಿಯರ್ ಚೀಟಿ.

ಮೊದಲು ಕಾಗದ ಸೇರಿಸಿ, ಡ್ರಾಯಿಂಗ್ ಆಮೇಲೆ

ಆಸ್-ಬಿಲ್ಟ್ ಫೈಲ್ ಬಂದ ತಕ್ಷಣ ತೆಗೆದು ನೋಡಬೇಡಿ. ನೋಡಿದರೆ ಕಣ್ಣು ಅದನ್ನೇ ನಂಬಿಬಿಡುತ್ತದೆ. ಮೊದಲು ಬದಲಾವಣೆಗಳ ಕಾಗದ ಒಂದು ಕಡೆ ಹಾಕಿ. ಸೈಟಿನಲ್ಲಿ ಕೆಂಪು ಪೆನ್ನಿನಿಂದ ತಿದ್ದಿದ ಸೆಟ್, ಆರ್‌ಎಫ್‌ಐ ಅಂದರೆ ಡಿಸೈನರ್‌ಗೆ ಬರೆದು ಕೇಳಿದ ಪ್ರಶ್ನೆಗಳ ಪಟ್ಟಿ, ಒಪ್ಪಿಗೆಯಾದ ವೇರಿಯೇಶನ್‌ಗಳು, ಸೈಟ್ ಇನ್‌ಸ್ಟ್ರಕ್ಷನ್ ಪುಸ್ತಕ, ಮುಚ್ಚುವ ಮುಂಚೆ ತೆಗೆದ ಫೋಟೊಗಳು, ಕೊನೆಯ ಡ್ರಾಯಿಂಗ್ ರಿಜಿಸ್ಟರ್.

ಕೆಂಪು ಪೆನ್ನಿನ ಸೆಟ್ ಸಾಮಾನ್ಯವಾಗಿ ಚಂದ ಇರೋದಿಲ್ಲ. ನೀರು ಬಿದ್ದು ಮಸಿ ಹರಡಿರುತ್ತದೆ, ಮಡಿಕೆ ಬಿದ್ದ ಕಡೆ ಕಾಗದ ಹರಿದಿರುತ್ತದೆ, ಯಾರದೋ ಫೋನ್ ನಂಬರ್ ಅಂಚಿನಲ್ಲಿ. ಪರವಾಗಿಲ್ಲ. ನನಗೆ ಭಯ ಆಗೋದು ಸೆಟ್ ತುಂಬ ಚೊಕ್ಕವಾಗಿದ್ದಾಗ. ಒಂದೇ ಪೆನ್ನು, ಒಂದೇ ಕೈಬರಹ, ಮಡಿಕೆ ಇಲ್ಲದ ಹಾಳೆ ಅಂದರೆ ಅದನ್ನು ಹೋದ ವಾರ ಆಫೀಸಿನಲ್ಲಿ ಕೂತು, ನೆನಪಿನಿಂದ ಬರೆದಿದ್ದಾರೆ ಅಂತಲೇ ಅರ್ಥ.

ಇಡೀ ಸೆಟ್ಟನ್ನು ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ. ಕ್ಯಾಡ್‌ನಲ್ಲಿ ಗೆರೆ ತಿದ್ದುವವರು ಕೆಂಪು ಟಿಪ್ಪಣಿಯಲ್ಲಿ ತಮಗೆ ಓದಲು ಬಂದಷ್ಟನ್ನೇ ತೆಗೆದುಕೊಳ್ಳುತ್ತಾರೆ. ಮೂಲ ಕೈಯಲ್ಲಿಲ್ಲದೆ ಏನು ಬಿಟ್ಟುಹೋಯಿತು ಅಂತ ಹೇಳೋಕೆ ಆಗೋದಿಲ್ಲ.

ಬದಲಾವಣೆಯಿಂದ ಡ್ರಾಯಿಂಗಿಗೆ ಹೋಗಿ

ಹೆಚ್ಚಿನವರು ಡ್ರಾಯಿಂಗ್ ಹಿಡಿದು, ಒಂದೊಂದು ಹಾಳೆ ತಿರುವಿ, ತಪ್ಪು ಕಾಣುತ್ತಾ ಅಂತ ಹುಡುಕುತ್ತಾರೆ. ಕಾಣೋದಿಲ್ಲ. ಬಿಟ್ಟುಹೋದದ್ದು ಕಣ್ಣಿಗೆ ಬೀಳೋದು ಹೇಗೆ?

ಅದರ ಬದಲು ಬದಲಾವಣೆಗಳ ಪಟ್ಟಿ ಮಾಡಿ. ಪ್ರತಿ ಆರ್‌ಎಫ್‌ಐ, ಪ್ರತಿ ಇನ್‌ಸ್ಟ್ರಕ್ಷನ್ ಒಂದೊಂದು ಸಾಲು. ಎದುರಿಗೆ ಅದು ಯಾವ್ಯಾವ ಹಾಳೆಯಲ್ಲಿ ಕಾಣಬೇಕು ಅಂತ ಬರೆಯಿರಿ. ಇದನ್ನು ಡ್ರಾಯಿಂಗ್ ತೆಗೆಯುವ ಮುಂಚೆಯೇ ಬರೆಯಬೇಕು, ಯಾಕಂದ್ರೆ ಒಂದು ಬದಲಾವಣೆ ಒಂದೇ ಹಾಳೆಯಲ್ಲಿ ನಿಲ್ಲೋದಿಲ್ಲ. ಒಂದು ಬಾಗಿಲನ್ನು ಅರ್ಧ ಮೀಟರ್ ಸರಿಸಿದ್ದಾರೆ ಅಂದುಕೊಳ್ಳಿ. ಪ್ಲಾನ್ ಬದಲಾಗುತ್ತದೆ. ಬಾಗಿಲ ಪಕ್ಕದ ಲೈಟ್ ಸ್ವಿಚ್ ಎಲೆಕ್ಟ್ರಿಕಲ್ ಹಾಳೆಯಲ್ಲಿ ಬದಲಾಗುತ್ತದೆ. ಆ ಬಾಗಿಲ ಮೇಲೆ ನಿರ್ಗಮನದ ಫಲಕ ಇದ್ದರೆ ಅಗ್ನಿಶಾಮಕ ಹಾಳೆಯೂ ಬದಲಾಗಬೇಕು. ಬಾಗಿಲು ತೆರೆಯುವ ದಿಕ್ಕು ಬದಲಾಗಿದ್ದರೆ ಬಾಗಿಲುಗಳ ಶೆಡ್ಯೂಲ್ ಕೂಡ. ಸಾಮಾನ್ಯವಾಗಿ ಪ್ಲಾನ್ ಒಂದನ್ನು ತಿದ್ದಿ ಉಳಿದದ್ದನ್ನು ಮರೆತಿರುತ್ತಾರೆ. ಸ್ವಿಚ್ ಈಗ ಡ್ರಾಯಿಂಗಿನ ಪ್ರಕಾರ ಬಾಗಿಲ ಮಧ್ಯದಲ್ಲಿ ತೇಲುತ್ತಿರುತ್ತದೆ. ನಗು ಬರುತ್ತೆ, ಆದರೆ ಗೋಡೆ ಕೊರೆಯೋ ಎಲೆಕ್ಟ್ರೀಶಿಯನ್‌ಗೆ ಬರೋದಿಲ್ಲ.

ಪಟ್ಟಿ ಮುಗಿದ ಮೇಲೆ ಈಗ ಡ್ರಾಯಿಂಗ್ ತೆಗೆಯಿರಿ. ಪ್ರತಿ ಸಾಲಿನ ಪ್ರತಿ ಹಾಳೆಗೂ 'ಬಂದಿದೆ', 'ಬಂದಿಲ್ಲ', 'ಅರ್ಧ ಬಂದಿದೆ' ಅಂತ ಗುರುತು ಹಾಕಿ. ಸೈಟಿಗೆ ಹೋಗದೆ ಕುರ್ಚಿಯಲ್ಲಿ ಕೂತೇ ಆಗುವ ಕೆಲಸ ಇದು, ಜಾಸ್ತಿ ತಪ್ಪು ಸಿಗೋದೂ ಇಲ್ಲೇ.

ಸುಳ್ಳು ಆಸ್-ಬಿಲ್ಟ್‌ನ ಗುರುತುಗಳು

ಇನ್ನು ಹಾಳೆಯನ್ನೇ ನೋಡಿ ಅನುಮಾನಪಡಬಹುದಾದ ಕೆಲವು ಇವೆ.

ಮೊದಲನೆಯದು, ಅಳತೆಗಳು ಡಿಸೈನ್ ಜೊತೆ ಮಿಲಿಮೀಟರಿಗೆ ಮಿಲಿಮೀಟರ್ ಸರಿಹೋಗೋದು. ಮಣ್ಣಿನಲ್ಲಿ ಪೈಪ್ ಹಾಕಿದವರು ಯಾರೂ ಆರು ಚೇಂಬರ್‌ಗಳಲ್ಲೂ ಡಿಸೈನಿನ ಲೆವೆಲ್ಲನ್ನು ಮೂರನೇ ದಶಾಂಶದವರೆಗೆ ಮುಟ್ಟಿಲ್ಲ. ನಿಜವಾಗಿ ಅಳೆದ ಸಂಖ್ಯೆಗಳಲ್ಲಿ 2, 3, 7 ಅಂತ ಸಣ್ಣ ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ಎರಡನೆಯದು, 'ಸ್ಥಳವನ್ನು ಸೈಟಿನಲ್ಲಿ ನಿರ್ಧರಿಸುವುದು', 'ಅಳತೆಯನ್ನು ಸೈಟಿನಲ್ಲಿ ಪರಿಶೀಲಿಸಿ' ಅನ್ನುವ ಟಿಪ್ಪಣಿಗಳು ಇನ್ನೂ ಹಾಗೇ ಇರೋದು. ಕಟ್ಟಿ ಆಗಿದೆ, ಇನ್ನು ಯಾರು ನಿರ್ಧರಿಸಬೇಕು? ಅಂಥ ಒಂದು ಸಾಲು ಸಿಕ್ಕರೆ ಆ ಹಾಳೆಯನ್ನು ಯಾರೂ ಪೂರ್ತಿ ಓದಿಲ್ಲ ಅಂತ ತಿಳಿಯಿರಿ. 'ಅಥವಾ ಸಮಾನವಾದದ್ದು' ಅನ್ನೋದೂ ಅಷ್ಟೇ. ಯಾವ ಪಂಪ್ ಕೂರಿಸಿದ್ದಾರೋ ಅದರ ಮಾಡೆಲ್ ಅಲ್ಲಿರಬೇಕು.

ಮೂರನೆಯದು ಸ್ವಲ್ಪ ಕಳ್ಳತನದ್ದು. ಕ್ಯಾಡ್‌ನಲ್ಲಿ ಗೆರೆಯನ್ನು ಸರಿಸದೆ ಅಳತೆಯ ಅಂಕಿಯನ್ನು ಮಾತ್ರ ಕೈಯಿಂದ ಟೈಪ್ ಮಾಡಿಬಿಡಬಹುದು. ಹಾಳೆಯಲ್ಲಿ 3250 ಅಂತ ಕಾಣುತ್ತದೆ, ಗೆರೆ ಇನ್ನೂ 3000 ಉದ್ದವೇ ಇರುತ್ತದೆ. ಪಿಡಿಎಫ್‌ನಲ್ಲಿ ಇದು ಗೊತ್ತಾಗೋದು ಕಷ್ಟ. ಆಟೋಕ್ಯಾಡ್‌ನಲ್ಲಿ ಅಳತೆಯನ್ನು ಆರಿಸಿ ಪ್ರಾಪರ್ಟೀಸ್ ಪಟ್ಟಿಯಲ್ಲಿ `Text override` ಅನ್ನೋ ಜಾಗ ನೋಡಿ. ಅಲ್ಲಿ ಏನಾದರೂ ಅಂಕಿ ಕೂತಿದ್ದರೆ ಅದು ಟೈಪ್ ಮಾಡಿದ್ದು. ಅದರ ಮೇಲಿರುವ `Measurement` ನಿಜವಾದ ಉದ್ದ ಹೇಳುತ್ತದೆ. ಇದು ಸಿಕ್ಕರೆ ಡ್ರಾಯಿಂಗ್ ವಾಪಸ್ ಕಳಿಸೋದೇ ಸರಿ, ಯಾಕಂದ್ರೆ ನಾಳೆ ಆ ಫೈಲಿನಿಂದ ನೇರವಾಗಿ ಅಳೆಯುವವರಿಗೆ ತಪ್ಪು ಉದ್ದವೇ ಸಿಗುತ್ತದೆ.

ಫೈಲಿನ ವಿಷಯ ಬಂದಿದ್ದರಿಂದ ಉಳಿದದ್ದನ್ನೂ ಬೇಗ ಹೇಳಿಬಿಡುತ್ತೇನೆ. ಕ್ಯಾಡ್ ಫೈಲನ್ನು ಅದನ್ನು ಮಾಡದ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಒಳಗೆ ಜೋಡಿಸಿದ ಎಕ್ಸ್‌ರೆಫ್ ಫೈಲ್‌ಗಳು ಬಂದಿಲ್ಲದಿದ್ದರೆ ಗೋಡೆಗಳೇ ಮಾಯವಾಗಿ ಪೈಪ್ ಮಾತ್ರ ಉಳಿದಿರುತ್ತದೆ. `ETRANSMIT` ಬಳಸಿ ಕಟ್ಟಿ ಕಳಿಸಲು ಹೇಳಿದರೆ ಈ ತೊಂದರೆ ಇರೋದಿಲ್ಲ. ಪಿಡಿಎಫ್ ಅನ್ನು ಒಂದು ಹಾಳೆ ಪ್ರಿಂಟ್ ತೆಗೆದು ಸ್ಕೇಲ್ ಪಟ್ಟಿಯ ಮೇಲೆ ಸ್ಕೇಲ್ ಇಡಿ. ಪುಟಕ್ಕೆ ಹೊಂದಿಸಿ ಪ್ರಿಂಟ್ ಮಾಡಿದ್ದರೆ 1:100 ಅಂತ ಬರೆದಿದ್ದರೂ 1:100 ಇರೋದಿಲ್ಲ. ರಿಜಿಸ್ಟರ್‌ನಲ್ಲಿರೋ ಹಾಳೆ ಸಂಖ್ಯೆ, ರಿವಿಶನ್, ಟೈಟಲ್ ಬ್ಲಾಕಿನ ರಿವಿಶನ್, ಫೈಲಿನ ಹೆಸರು ಇವೆಲ್ಲ ಒಂದೇ ಹೇಳಬೇಕು. ಅಷ್ಟೇ ಇದು. ಇದಕ್ಕೇ ಎರಡು ದಿನ ಕಳೆದು, ಸೈಟಿಗೆ ಸಮಯ ಇಲ್ಲ ಅನ್ನುವವರನ್ನು ನೋಡಿದ್ದೇನೆ.

ಸೈಟಿನಲ್ಲಿ ಏನನ್ನು ಪೂರ್ತಿ, ಏನನ್ನು ಸ್ಯಾಂಪಲ್

ಎಲ್ಲವನ್ನೂ ಅಳೆಯೋಕೆ ಆಗೋದಿಲ್ಲ. ಹಾಗಾಗಿ ಎರಡು ಗುಂಪು ಮಾಡುತ್ತೇನೆ.

ತುರ್ತಿನಲ್ಲಿ ಕತ್ತಲಲ್ಲಿ ಯಾರೋ ಓಡಿಹೋಗಿ ಮುಚ್ಚಬೇಕಾದ್ದು ಒಂದು ಗುಂಪು. ನೀರಿನ ಮುಖ್ಯ ವಾಲ್ವ್, ಪ್ರತಿ ಮಹಡಿಯ ವಾಲ್ವ್, ಗ್ಯಾಸ್ ವಾಲ್ವ್, ಬೆಂಕಿ ಆರಿಸುವ ಪೈಪಿನ ವಾಲ್ವ್‌ಗಳು, ಕರೆಂಟಿನ ಮುಖ್ಯ ಸ್ವಿಚ್. ಇವನ್ನು ನೂರಕ್ಕೆ ನೂರು ನೋಡಲೇಬೇಕು. ಒಂದೂ ಬಿಡುವ ಹಾಗಿಲ್ಲ.

ಇದಕ್ಕೆ ಕಾರಣ ಇದೆ. ಒಂದು ಕಟ್ಟಡದಲ್ಲಿ ಮೇಲಿನ ಮಹಡಿಯ ಪೈಪ್ ಜಾಯಿಂಟ್ ಬಿಟ್ಟುಕೊಂಡು ನೀರು ಸುರಿಯೋಕೆ ಶುರುವಾಯಿತು. ಡ್ರಾಯಿಂಗ್ ಪ್ರಕಾರ ವಾಲ್ವ್ ಓಣಿಯ ಫಾಲ್ಸ್ ಸೀಲಿಂಗ್ ಮೇಲೆ, ಎರಡು ಕಂಬಗಳ ನಡುವೆ. ಏಣಿ ಹಾಕಿ ಟೈಲ್ ತೆಗೆದೆವು, ಇಲ್ಲ. ಪಕ್ಕದ್ದು ತೆಗೆದೆವು, ಇಲ್ಲ. ಆರು ಟೈಲ್ ಕೆಳಗೆ ಬಿದ್ದಿತ್ತು, ಅಂಗಿ ಒದ್ದೆ, ಕೊನೆಗೆ ಪ್ಲಂಬರ್ ಒಬ್ಬರು 'ಸಾರ್, ಇಲ್ಲಿ' ಅಂತ ಗೋಡೆಯಾಚೆಯ ಸಾಮಾನು ಕೋಣೆಯಿಂದ ಕೂಗಿದರು. ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ, ಅಷ್ಟೇ. ಓಣಿಯಲ್ಲಿ ಏಸಿ ಡಕ್ಟ್ ಅಡ್ಡ ಬಂದಿದ್ದರಿಂದ ಸರಿಸಿದ್ದರಂತೆ. ಹಾಳೆಯ ಮೇಲೆ ಆಸ್-ಬಿಲ್ಟ್ ಅಂತ ದಪ್ಪ ಅಕ್ಷರದ ಮುದ್ರೆ ಇತ್ತು.

ಎರಡನೇ ಗುಂಪು ಉಳಿದದ್ದು. ಅದಕ್ಕೆ ಪ್ರತಿ ಹಾಳೆಯಿಂದ ಹತ್ತು ವಿಷಯ ಆರಿಸುತ್ತೇನೆ. ಸುಲಭವಾಗಿ ಕಾಣುವುದನ್ನಲ್ಲ, ಮುಚ್ಚಿಹೋದದ್ದನ್ನು, ಎರಡು ಕೆಲಸದವರ ದಾರಿ ಅಡ್ಡ ಬರುವ ಕಡೆಯದನ್ನು. ಹತ್ತರಲ್ಲಿ ಒಂದು ತಪ್ಪಾದರೆ ತಿದ್ದಿಸುತ್ತೇನೆ. ಎರಡು ತಪ್ಪಾದರೆ ಇಡೀ ಹಾಳೆ ವಾಪಸ್, ಪೂರ್ತಿ ಮತ್ತೆ ನೋಡಿ ಕೊಡಿ ಅಂತ. ಇದು ನನ್ನ ಲೆಕ್ಕ, ಯಾವ ನಿಯಮದ ಪುಸ್ತಕದ್ದೂ ಅಲ್ಲ. ನಿಮ್ಮ ಕಾಂಟ್ರಾಕ್ಟಿನಲ್ಲಿ ಬೇರೆ ಇದ್ದರೆ ಅದೇ ನಡೆಯಬೇಕು. ಆದರೆ ವಾಪಸ್ ಕಳಿಸೋ ಅಳತೆಗೋಲನ್ನು ಶುರುವಿನಲ್ಲೇ ಬರೆದು ಕೊಡಿ, ಆಮೇಲೆ ಜಗಳ ಇರೋದಿಲ್ಲ.

ಕರೆಂಟಿನ ಡಿಬಿ ನೋಡುವಾಗ ಬಾಗಿಲ ಒಳಗೆ ಅಂಟಿಸಿದ ಪಟ್ಟಿಯನ್ನೂ ಡ್ರಾಯಿಂಗಿನ ಪಟ್ಟಿಯನ್ನೂ ಹೋಲಿಸಿ 'ಸರಿ ಇದೆ' ಅನ್ನಬೇಡಿ. ಎರಡೂ ಒಂದೇ ಫೈಲಿನಿಂದ ಪ್ರಿಂಟ್ ಆದವು, ಹೋಲದೆ ಏನು ಮಾಡ್ತಾವೆ? ಎಲೆಕ್ಟ್ರೀಶಿಯನ್ ಜೊತೆ ನಿಂತು, ಕಟ್ಟಡದಲ್ಲಿರುವವರಿಗೆ ಮೊದಲೇ ಹೇಳಿ, ನಾಲ್ಕೈದು ಎಂಸಿಬಿ ಆಫ್ ಮಾಡಿಸಿ ನಿಜವಾಗಿ ಯಾವ ಕೋಣೆ ಕತ್ತಲಾಯಿತು ನೋಡಿ.

ಮುಚ್ಚಿಹೋದ ವಸ್ತುವಿಗೆ ಎರಡು ಅಳತೆ ಬೇಕು, ಎರಡೂ ಅಲ್ಲಾಡದ ಕಡೆಯಿಂದ. ಕಂಬದ ಮುಖದಿಂದ ಕೊಟ್ಟರೆ ಒಳ್ಳೆಯದು. ಪಾರ್ಟಿಶನ್ ಗೋಡೆಯಿಂದ ಕೊಟ್ಟರೆ, ಆ ಗೋಡೆ ತೆಗೆದ ದಿನ ಅಳತೆಯೂ ಹೋಯಿತು.

ಒಂದು ಹಾಳೆ, ಮೂರು ಚೇಂಬರ್

ಈಗ ಒಂದು ಕೇಸ್ ಪೂರ್ತಿ ನೋಡೋಣ. ಹೊರಗಿನ ಒಳಚರಂಡಿಯ ಹಾಳೆ, ನಂಬರ್ ಪಿ-102. ಆರು ಚೇಂಬರ್ ಇದ್ದವು. ಮೂರನ್ನು ತೆಗೆದುಕೊಳ್ಳುತ್ತೇನೆ: ಎಂಎಚ್-2, ಎಂಎಚ್-3, ಎಂಎಚ್-4. ಒಂದರಿಂದ ಇನ್ನೊಂದಕ್ಕೆ 24 ಮೀಟರ್. ಡಿಸೈನಿನಲ್ಲಿ ಇಳಿಜಾರು 1:100, ಅಂದರೆ 24 ಮೀಟರಿಗೆ 240 ಮಿಲಿಮೀಟರ್ ಇಳಿಯಬೇಕು.

ಆಸ್-ಬಿಲ್ಟ್ ಹಾಳೆಯಲ್ಲಿದ್ದ ಇನ್ವರ್ಟ್ ಲೆವೆಲ್, ಅಂದರೆ ಪೈಪಿನ ಒಳತಳದ ಮಟ್ಟ, ಹೀಗಿತ್ತು: 98.640, 98.400, 98.160. ಡಿಸೈನಿನಲ್ಲೂ ಅದೇ. ಅನುಮಾನ ಬಂದದ್ದೇ ಇದರಿಂದ.

ಲೆವೆಲ್ ಯಂತ್ರ ಇಲ್ಲದೆಯೇ ಮೊದಲ ಪರೀಕ್ಷೆ ಮಾಡಬಹುದು. ಮುಚ್ಚಳದ ಲೆವೆಲ್‌ನಿಂದ ಇನ್ವರ್ಟ್ ಕಳೆದರೆ ಆಳ ಬರುತ್ತದೆ. ಹಾಳೆಯಲ್ಲಿ ಎಂಎಚ್-3ರ ಮುಚ್ಚಳ 100.000, ಇನ್ವರ್ಟ್ 98.400, ಹಾಗಾದರೆ ಆಳ 1.600 ಮೀಟರ್ ಇರಬೇಕು. ಮುಚ್ಚಳ ತೆಗೆಸಿ, ಅಳತೆಯ ಸ್ಟಾಫ್ ಕೋಲನ್ನು ಇಳಿಸಿ, ನೀರು ಹರಿಯುವ ಕಾಲುವೆಯ ನಡುತಳಕ್ಕೆ ತಾಗಿಸಿ ಓದಿದರೆ ಸಾಕು. ಪಕ್ಕದ ಇಳಿಜಾರು ಕಾಂಕ್ರೀಟಿನ ಮೇಲೆ ಇಟ್ಟರೆ ತಪ್ಪು ಓದು ಬರುತ್ತದೆ. ಮೇಲಿನಿಂದಲೇ ಅಳೆಯಿರಿ, ಒಳಗೆ ಯಾರೂ ಇಳಿಯಬೇಡಿ. ಒಳಗಿನ ಗಾಳಿ ಜೀವ ತೆಗೆಯಬಹುದು, ಒಂದು ಅಂಕಿಗೋಸ್ಕರ ಆ ಆಟ ಬೇಡ.

ಸಿಕ್ಕಿದ್ದು ಹೀಗೆ:

| ಚೇಂಬರ್ | ಹಾಳೆಯ ಪ್ರಕಾರ ಆಳ | ಅಳೆದ ಆಳ | ವ್ಯತ್ಯಾಸ |
|---|---|---|---|
| ಎಂಎಚ್-2 | 1.460 ಮೀ | 1.462 ಮೀ | 2 ಮಿಮೀ |
| ಎಂಎಚ್-3 | 1.600 ಮೀ | 1.480 ಮೀ | 120 ಮಿಮೀ |
| ಎಂಎಚ್-4 | 1.740 ಮೀ | 1.738 ಮೀ | 2 ಮಿಮೀ |

ಈ ಅಳತೆಯ ಸೊಗಸು ಏನಂದ್ರೆ ಆಳಕ್ಕೆ ಬೆಂಚ್‌ಮಾರ್ಕ್ ಬೇಕಿಲ್ಲ. ಸರ್ವೆ ಮಾಡಿದವರು ಬೇರೆ ಬೆಂಚ್‌ಮಾರ್ಕ್ ಹಿಡಿದಿದ್ದರೆ ಮುಚ್ಚಳವೂ ಇನ್ವರ್ಟೂ ಎರಡೂ ಒಂದೇ ಅಳತೆ ಸರಿದಿರುತ್ತವೆ, ಆಳ ಬದಲಾಗೋದಿಲ್ಲ. ಇಲ್ಲಿ ಆಳವೇ ಬದಲಾಗಿದೆ. ಹಾಗಾಗಿ ಬೆಂಚ್‌ಮಾರ್ಕ್ ಗೊಂದಲ ಅಲ್ಲ. ಉಳಿದದ್ದು ಎರಡೇ: ಮುಚ್ಚಳ 120 ಕೆಳಗೆ ಕೂತಿದೆ, ಇಲ್ಲವೇ ಪೈಪ್ 120 ಮೇಲೆ ಬಂದಿದೆ. ಆಗ ಆಟೋ ಲೆವೆಲ್ ತರಿಸಿ ಮುಚ್ಚಳಗಳನ್ನು ನೋಡಿದೆವು. ಮೂರೂ ಹಾಳೆಯ ಲೆವೆಲ್‌ಗೆ 5 ಮಿಲಿಮೀಟರ್ ಒಳಗೇ ಇದ್ದವು. ಅಂದರೆ ಪೈಪ್ ಮೇಲೆ ಬಂದಿದೆ. ಎಂಎಚ್-3ರ ನಿಜವಾದ ಇನ್ವರ್ಟ್ 98.520.

ಈಗ ಕೆಂಪು ಸೆಟ್ಟಿಗೆ ವಾಪಸ್. ಎಂಎಚ್-3ರ ಹತ್ತಿರ ಮಸಿ ಹರಡಿದ ಒಂದು ಗುರುತು ಇತ್ತು, ಮೊದಲು ನಾನೂ ಕಲೆ ಅಂದುಕೊಂಡಿದ್ದೆ. ದೀಪದ ಕೆಳಗೆ ಹಿಡಿದು ನೋಡಿದರೆ 'ಫುಟಿಂಗ್ ಅಡ್ಡ, 120 ಮೇಲೆ' ಅಂತ ಬರೆದಿದೆ. ಸೂಪರ್‌ವೈಸರ್ ಪಾಪ ಸರಿಯಾಗಿಯೇ ಬರೆದಿದ್ದರು. ಕ್ಯಾಡ್‌ಗೆ ಏರಿಸಿದವರಿಗೆ ಓದೋಕೆ ಆಗಿಲ್ಲ, ಕೇಳಲೂ ಇಲ್ಲ.

ಅಂಕಿ ತಿದ್ದಿದರೆ ಮುಗೀತಲ್ವಾ? ಇಲ್ಲ. ಇಳಿಜಾರು ಮತ್ತೆ ಲೆಕ್ಕ ಹಾಕಿ. ಎಂಎಚ್-2ರಿಂದ ಎಂಎಚ್-3ಕ್ಕೆ ಈಗ 98.640 ಕಳೆ 98.520, ಇಳಿಕೆ ಬರೀ 120 ಮಿಲಿಮೀಟರ್. 24 ಮೀಟರಿಗೆ ಅಂದರೆ 1:200. ಡಿಸೈನಿನ ಅರ್ಧ. ಮುಂದಿನ ತುಂಡಿನಲ್ಲಿ 360 ಇಳಿಯುತ್ತದೆ, ಸುಮಾರು 1:67. ಒಟ್ಟು ಇಳಿಕೆ ಅಷ್ಟೇ ಇರೋದರಿಂದ ಎರಡು ತುದಿಯ ಚೇಂಬರ್ ಮಾತ್ರ ನೋಡಿದ್ದರೆ ಎಲ್ಲ ಸರಿ ಅಂತಲೇ ಕಾಣುತ್ತಿತ್ತು. ಚಪ್ಪಟೆಯಾದ ತುಂಡಿನಲ್ಲಿ ನೀರು ನಿಧಾನವಾಗುತ್ತದೆ, ಗಟ್ಟಿ ಪದಾರ್ಥ ಕೂರುತ್ತದೆ. ಇದು ಡ್ರಾಯಿಂಗಿನ ತಪ್ಪಲ್ಲ, ಕೆಲಸದ ಪ್ರಶ್ನೆ. ಇದಕ್ಕೆ 'ಪರವಾಗಿಲ್ಲ' ಅನ್ನೋಕೆ ನಾನು ಯಾರು? ಡಿಸೈನರ್‌ಗೆ ಬರೆದು ಕೇಳಬೇಕು. ಅವರು ಒಪ್ಪಬಹುದು, ತೆಗೆದು ಹಾಕಿಸಿ ಅನ್ನಬಹುದು. ಉತ್ತರ ಬರೋ ತನಕ ಅದು ಕವರ್ ನೋಟಿನಲ್ಲಿ ಬಾಕಿ ವಿಷಯ ಅಂತ ಇರಲೇಬೇಕು. ಆಸ್-ಬಿಲ್ಟ್ ಹಾಳೆಯಲ್ಲಿ 98.520 ಅಂತ ಇದ್ದದ್ದನ್ನು ಇದ್ದ ಹಾಗೇ ಹಾಕಿಸಿ. ತೊಂದರೆ ಕಾಣದಿರಲಿ ಅಂತ 98.400 ಬಿಡೋದು ಮೋಸ.

ಇನ್ನೊಂದು ಕಡೆಯಿಂದಲೂ ಯೋಚಿಸಿ. ನಾಲ್ಕು ವರ್ಷ ಬಿಟ್ಟು ಯಾರೋ ಹೊಸ ಶೌಚಾಲಯ ಕಟ್ಟಿ, ಹಾಳೆ ನೋಡಿ, ತಮ್ಮ ಪೈಪ್ ಎಂಎಚ್-3ಕ್ಕೆ 98.450ರಲ್ಲಿ ಸೇರುವ ಹಾಗೆ ಲೆಕ್ಕ ಹಾಕುತ್ತಾರೆ. ಹಾಳೆಯ ಪ್ರಕಾರ 50 ಮಿಲಿಮೀಟರ್ ಮೇಲಿನಿಂದ ಬೀಳುತ್ತದೆ. ನಿಜದಲ್ಲಿ 70 ಮಿಲಿಮೀಟರ್ ಕೆಳಗಿದೆ. ಗುಂಡಿ ತೋಡಿದ ಮೇಲೆ ಗೊತ್ತಾಗುತ್ತದೆ.

ಪರಿಶೀಲನೆಯ ಪಟ್ಟಿ ಹೇಗೆ ತುಂಬಬೇಕು

ಟಿಕ್ ಹಾಕೋ ಪಟ್ಟಿ ನನಗೆ ಇಷ್ಟ ಇಲ್ಲ. ಟಿಕ್ ಏನನ್ನೂ ಹೇಳೋದಿಲ್ಲ. ಪ್ರತಿ ಸಾಲಿನಲ್ಲೂ ಹಾಳೆ ಸಂಖ್ಯೆ, ನೋಡಿದ ವಸ್ತು, ಹಾಳೆಯಲ್ಲಿದ್ದ ಅಂಕಿ, ಸೈಟಿನಲ್ಲಿ ಸಿಕ್ಕ ಅಂಕಿ, ಯಾರು ನೋಡಿದರು, ಯಾವ ದಿನ ಇಷ್ಟು ಇರಬೇಕು. ಅಂಕಿ ಬರೆಯಬೇಕಾದಾಗ ಮನುಷ್ಯ ನಿಜವಾಗಿ ಹೋಗಿ ನೋಡುತ್ತಾನೆ.

ಕೊನೆಗೆ ಇನ್ನೊಂದು ಕಾಲಂ, ಅದೇ ಮುಖ್ಯ: ಇದು ಹೇಗೆ ಗೊತ್ತು? ಮೂರೇ ಉತ್ತರ.

- ಅಳೆದದ್ದು. ಟೇಪ್ ಅಥವಾ ಯಂತ್ರದಿಂದ, ಈಗ ಅಥವಾ ಮುಚ್ಚುವ ಮುಂಚೆ, ದಿನಾಂಕ ಸಹಿತ.
- ಕಂಡದ್ದು. ಇದೆ ಅಂತ ಕಣ್ಣಾರೆ ನೋಡಿದೆ ಅಥವಾ ಫೋಟೊದಲ್ಲಿದೆ, ಜಾಗ ಹೆಚ್ಚುಕಮ್ಮಿ ಸರಿ, ಅಳತೆ ಇಲ್ಲ.
- ಡಿಸೈನ್‌ನದ್ದು. ಯಾರೂ ನೋಡಿಲ್ಲ, ಹಳೆಯ ಗೆರೆ ಹಾಗೇ ಉಳಿದಿದೆ.

ಮೂರನೇ ಉತ್ತರ ಬರೆಯೋಕೆ ಎಲ್ಲರೂ ಹಿಂಜರಿಯುತ್ತಾರೆ. ನಾಚಿಕೆಪಡಬೇಕಾಗಿಲ್ಲ. ಸ್ಲ್ಯಾಬಿನೊಳಗೆ ಹೂತ ಕಾಂಡ್ಯೂಟ್ ಎಲ್ಲಿ ಹೋಗಿದೆ ಅಂತ ಈಗ ಯಾರಿಗೂ ಹೇಳೋಕೆ ಆಗೋದಿಲ್ಲ. ಹಾಗಂತ ಬರೆದರೆ ಮುಂದೆ ಕೊರೆಯುವವರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಬರೆಯದಿದ್ದರೆ ಹಾಳೆ ನಂಬಿ ಕೊರೆಯುತ್ತಾರೆ.

ಫೋಟೊ ಆಧಾರವಾಗಬೇಕಾದರೆ ಅದರಲ್ಲಿ ಟೇಪ್ ಕಾಣಬೇಕು, ಗೋಡೆ ಅಥವಾ ಕಂಬದ ಮೇಲೆ ಗ್ರಿಡ್ ಸಂಖ್ಯೆ ಸೀಮೆಸುಣ್ಣದಲ್ಲಿ ಬರೆದಿರಬೇಕು. ಬರೀ ಪೈಪಿನ ಫೋಟೊ ಯಾವ ಮಹಡಿಯದ್ದು ಅಂತಲೂ ಗೊತ್ತಾಗೋದಿಲ್ಲ.

ಕವರ್ ನೋಟ್

ಒಂದೂವರೆ ಪುಟ ಸಾಕು. ಪಿ-102 ಇದ್ದ ಪ್ಯಾಕೇಜಿಗೆ ಬರೆದದ್ದರ ಮುಖ್ಯ ಭಾಗ ಹೀಗಿತ್ತು:

> ವಿಷಯ: ಆಸ್-ಬಿಲ್ಟ್ ಡ್ರಾಯಿಂಗ್, ನೀರು ಮತ್ತು ಒಳಚರಂಡಿ, ಹಾಳೆ ಪಿ-101ರಿಂದ ಪಿ-108, ರಿವಿಶನ್ 0.
>
> ಇದರಲ್ಲಿ ಇರುವುದು: 8 ಹಾಳೆ, ಕ್ಯಾಡ್ ಮತ್ತು ಪಿಡಿಎಫ್. ಕೆಂಪು ಗುರುತಿನ ಮೂಲ ಸೆಟ್ಟಿನ ಸ್ಕ್ಯಾನ್. ಪರಿಶೀಲನೆಯ ಪಟ್ಟಿ. ಮುಚ್ಚುವ ಮುಂಚಿನ ಫೋಟೊಗಳು, ಹಾಳೆ ಸಂಖ್ಯೆಯ ಪ್ರಕಾರ.
>
> ಲೆವೆಲ್‌ಗಳ ಆಧಾರ: ಗೇಟಿನ ಪಕ್ಕದ ಕಾಂಕ್ರೀಟ್ ಕಲ್ಲಿನ ಮೇಲಿನ ಬೆಂಚ್‌ಮಾರ್ಕ್, 100.250. ಇದು ಈ ಸೈಟಿಗೆ ಮಾತ್ರ ಇಟ್ಟುಕೊಂಡ ಲೆವೆಲ್, ಸಮುದ್ರಮಟ್ಟದಿಂದ ಅಲ್ಲ.
>
> ಅಳೆದದ್ದು: ಎಂಎಚ್-1ರಿಂದ ಎಂಎಚ್-5ರ ಮುಚ್ಚಳ ಮತ್ತು ಇನ್ವರ್ಟ್. ಎಲ್ಲ ಮುಖ್ಯ ವಾಲ್ವ್‌ಗಳ ಜಾಗ.
>
> ಕಂಡದ್ದು: ಫಾಲ್ಸ್ ಸೀಲಿಂಗ್ ಮೇಲಿನ ಪೈಪ್‌ಗಳ ದಾರಿ. ಪ್ರತಿ ಹಾಳೆಯಲ್ಲಿ 10 ಕಡೆ ನೋಡಿದೆ.
>
> ಡಿಸೈನ್‌ನದ್ದು, ಪರಿಶೀಲಿಸಿಲ್ಲ: ಗೋಡೆಯೊಳಗಿನ ಕವಲು ಪೈಪ್‌ಗಳು, ಹಾಳೆ ಪಿ-105 ಮತ್ತು ಪಿ-106. ಗೋಡೆ ಕೊರೆಯುವ ಮುಂಚೆ ಜಾಗ ಪತ್ತೆ ಮಾಡಿಕೊಳ್ಳಬೇಕು.
>
> ಬಾಕಿ 1: ಎಂಎಚ್-2ರಿಂದ ಎಂಎಚ್-3ರವರೆಗೆ ಇಳಿಜಾರು 1:200, ಡಿಸೈನ್ 1:100. ಡಿಸೈನರ್ ಉತ್ತರ ಬರಬೇಕು.
>
> ಬಾಕಿ 2: ಎಂಎಚ್-6 ಮೇಲೆ ಸಾಮಗ್ರಿ ರಾಶಿ ಇದ್ದದ್ದರಿಂದ ತೆರೆಯಲಾಗಿಲ್ಲ. ಹಾಳೆಯಲ್ಲಿರುವುದು ಡಿಸೈನ್ ಲೆವೆಲ್.

ಕೆಳಗೆ ಪರಿಶೀಲಿಸಿದವರ ಹೆಸರು, ಸಹಿ, ದಿನ. ಎರಡು ಬಾಕಿಗೂ ಯಾರ ಜವಾಬ್ದಾರಿ, ಯಾವ ದಿನದೊಳಗೆ ಅನ್ನೋದು.

ಬೆಂಚ್‌ಮಾರ್ಕಿನ ಸಾಲನ್ನು ಬಿಡಲೇಬೇಡಿ. ಅದು ಎಲ್ಲಿದೆ ಅಂತ ಗೊತ್ತಿಲ್ಲದ ಮೇಲೆ 98.520 ಅನ್ನೋದು ಬರೀ ಸಂಖ್ಯೆ. ಆ ಗುರುತು ಕಟ್ಟಡ ಮುಗಿದ ಮೇಲೂ ಉಳಿಯುವ ಕಡೆ ಇದೆಯಾ ನೋಡಿ. ತಾತ್ಕಾಲಿಕ ಬೇಲಿಯ ಕಂಬದ ಮೇಲಿದ್ದರೆ ಬೇಲಿ ಕೀಳುವ ಮುಂಚೆ ಗಟ್ಟಿ ಜಾಗಕ್ಕೆ ಲೆವೆಲ್ ವರ್ಗಾಯಿಸಿ.

'ಎಲ್ಲ ಡ್ರಾಯಿಂಗ್‌ಗಳೂ ಸೈಟಿನ ವಾಸ್ತವಕ್ಕೆ ಸಂಪೂರ್ಣ ಹೊಂದುತ್ತವೆ ಎಂದು ದೃಢೀಕರಿಸುತ್ತೇವೆ' ಅನ್ನುವ ಸಾಲಿಗೆ ಸಹಿ ಹಾಕಿ ಅಂತ ಕೇಳಿದರೆ ನಾನು ಹಾಕೋದಿಲ್ಲ. 'ಮೇಲೆ ಹೇಳಿದ ಮಟ್ಟಿಗೆ ಪರಿಶೀಲಿಸಿದೆ' ಅಂತ ತಿದ್ದಿ ಹಾಕುತ್ತೇನೆ. ಕೆಲವೊಮ್ಮೆ ಮಾತು ಬರುತ್ತದೆ, ಬರಲಿ.

ಕೊನೆಯ ಬಿಲ್ಲು ಮತ್ತು ರಿಟೆನ್ಶನ್ ಹಣ ಬಿಡುಗಡೆಯಾಗುವ ಮುಂಚೆಯೇ ಈ ನೋಟ್ ಮಾಲೀಕರ ಕೈ ಸೇರಬೇಕು. ಹಣ ಹೋದ ಮೇಲೆ ಬಾಕಿ ಸಾಲುಗಳಿಗೆ ಫೋನ್ ಎತ್ತುವವರು ಸಿಗೋದಿಲ್ಲ.

ಪಿ-102ರಲ್ಲಿ ಎರಡನೇ ಬಾಕಿ ಮೊದಲು ಮುಗಿಯಿತು. ರಾಶಿ ಎತ್ತಿಸಿ ಎಂಎಚ್-6 ತೆರೆದರೆ ಆಳ ಹಾಳೆಗಿಂತ 8 ಮಿಲಿಮೀಟರ್ ಮಾತ್ರ ವ್ಯತ್ಯಾಸ. ಮೊದಲನೆಯದಕ್ಕೆ ಡಿಸೈನರ್ ಒಪ್ಪಲಿಲ್ಲ. ಅವರು ಎಂಎಚ್-3ರ ನಂತರದ ಪೈಪನ್ನು ಫುಟಿಂಗ್ ಸುತ್ತ ತಿರುಗಿಸಿ, ನಡುವೆ ಒಂದು ಹೊಸ ಚೇಂಬರ್ ಕೊಟ್ಟು, ಎಂಎಚ್-3ನ್ನು ಮತ್ತೆ ಕೆಳಗಿಳಿಸಿದರು. ಆ ಗುಂಡಿ ಮುಚ್ಚುವ ಮುಂಚೆ ನಾವೇ ಹೋಗಿ ಅಳೆದೆವು: 98.403. ರಿವಿಶನ್ 1 ಹೊರಬಂತು. ಹಳೆಯ ಹಾಳೆಗೆ 'ರದ್ದು' ಅಂತ ಮುದ್ರೆ ಹಾಕಿಸಿ, ಮಾಲೀಕರ ಕಡೆಯ ಫೈಲಿನಿಂದಲೂ ಅದನ್ನು ತೆಗೆಸಿ, ಹೊಸ ಕವರ್ ನೋಟಿನಲ್ಲಿ ಎರಡೂ ಬಾಕಿ ಸಾಲಿನ ಎದುರು ಮುಗಿದ ದಿನ ಬರೆದು ಕೊಟ್ಟೆವು.